ಒಂದೇ ಉತ್ತರದ ಎರಡು ಬೋರ್ಡುಗಳು

ಕಾಲೇಜುಗಳ ಲ್ಯಾಬಿಗೆ ಕಿಟ್ ಮಾರಲು ಹೊರಡುವ ಹೊಸಬರಿಗೆ ನಾನು ಹೇಳುವ ಮೊದಲ ಮಾತು, ಡೆಮೋ ತೋರಿಸುವಾಗ ಬಾಯಿ ಮುಚ್ಚಿಕೊಂಡಿರಿ, ಬೋರ್ಡೇ ಮಾತಾಡಲಿ ಅಂತ. ವೈಟ್‌ಫೀಲ್ಡ್ ಕಡೆಯ ಆ ಕಾಲೇಜಿನಲ್ಲಿ ಬೋರ್ಡೇ ಮಾತಾಡಿತು. ಅದು ಹೇಳಿದ್ದನ್ನು ಮುಚ್ಚಲು ನಾನು ಆಡಿದ ಮಾತುಗಳು ನೆನಪಾದರೆ ಈಗಲೂ, ಬಸ್ಸಿನಲ್ಲಿ ಕೂತಿದ್ದರೂ ಸರಿ, ಕಿವಿ ಬಿಸಿಯಾಗುತ್ತದೆ.

ನಮ್ಮದು ಪೀಣ್ಯದಲ್ಲಿ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗುವ ಸಣ್ಣ ಯೂನಿಟ್. ಕೆಳಗಡೆ ಲೇತ್ ಮೆಷಿನ್ನು, ಮೇಲೆ ನಾವು. ಇಂಜಿನಿಯರಿಂಗ್, ಪಾಲಿಟೆಕ್ನಿಕ್ ಮಕ್ಕಳು ಲ್ಯಾಬಿನಲ್ಲಿ ವೈರ್ ಸಿಕ್ಕಿಸಿ ಕಲಿಯುವ ಕಿಟ್‌ಗಳನ್ನು ಮಾಡುತ್ತೇವೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬಾಗಲಗುಂಟೆಯ ಒಂದು ರೂಮಿನಿಂದ ನಡೆದುಕೊಂಡು ಬಂದು ಬೇರೆಯವರ ಲೈನಿನಲ್ಲಿ ಸೋಲ್ಡರಿಂಗ್ ಮಾಡುತ್ತಿದ್ದವಳು, ಒಂದು ದಿನ ನನ್ನದೇ ಟೇಬಲ್ಲು ಹಾಕಿಕೊಂಡೆ. ಚೌಕಾಸಿ ನನಗೆ ಹುಟ್ಟಿನಿಂದ ಬಂದದ್ದು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಐಸಿ ಚಿಪ್ಪು ಕೊಳ್ಳುವವರು ನನ್ನ ಮಾತು ಕೇಳಿ, ಬೇಕಾದ ಐಟಂ ಮೊದಲು ಕೇಳಬೇಡಿ. ಬೇಡದ್ದನ್ನು ಕೇಳಿ, ರೇಟು ಜಾಸ್ತಿಯಾಯಿತು ಅಂತ ಮುಖ ಸಿಂಡರಿಸಿ, ಹೊರಡುವ ಹಾಗೆ ತಿರುಗಿ, ಆಮೇಲೆ ‘ಹೋಗ್ಲಿ, ಇದಾದ್ರೂ ಇದೆಯಾ’ ಅನ್ನಿ. ಹೀಗೇ ನಾನು ಯೂನಿಟ್ ಕಟ್ಟಿದ್ದು.

ನಮ್ಮಲ್ಲಿ ಡಿಸೈನ್ ನೋಡಿಕೊಳ್ಳುವುದಕ್ಕೆ ಒಬ್ಬಳು ಹುಡುಗಿ ಇದ್ದಳು. ಅವಳ ಅಪ್ಪ ಅಮ್ಮ ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ದೊಡ್ಡನೆಕ್ಕುಂದಿಯಲ್ಲಿ ನಿಂತವರು. ಇವಳು ಅಲ್ಲೇ ಬೆಳೆದು, ವೈಟ್‌ಫೀಲ್ಡ್ ಕಡೆಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮುಗಿಸಿ ನನ್ನ ಹತ್ತಿರ ಸೇರಿದ್ದಳು. ಮಾತು ಮನೆಯದ್ದೇ, ಉತ್ತರ ಕರ್ನಾಟಕದ್ದು. ನನ್ನನ್ನು ‘ಅಕ್ಕಾರ’ ಅನ್ನುತ್ತಿದ್ದಳು.

ಅವಳು ಓದಿದ ಕಾಲೇಜಿನ ಲ್ಯಾಬಿಗೇ ಹೊಸ ಕಿಟ್ ಬೇಕು ಅಂತ ಅವಳ ಮೇಷ್ಟ್ರು ಹೇಳಿ ಕಳಿಸಿದರು. ಅಡ್ಡರ್ ಕಿಟ್. ನಾಲ್ಕು ಬಿಟ್ಟಿನ, ಅಂದರೆ ಒಂದು-ಸೊನ್ನೆಗಳ ನಾಲ್ಕು ಮನೆಯ, ಎರಡು ಸಂಖ್ಯೆ ಕೂಡಿಸುವ ಸರ್ಕ್ಯೂಟನ್ನು ಎರಡು ಥರ ಮಾಡಿ, ಪಕ್ಕಪಕ್ಕ ಇಟ್ಟು, ಯಾವುದು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಮಕ್ಕಳೇ ಅಳೆಯಬೇಕು. ಜೊತೆಗೆ ಮೇಷ್ಟ್ರು ಅವಳಿಗೆ ಇನ್ನೊಂದು ಮಾತು ಹೇಳಿದ್ದರು. ಬ್ರೂಕ್‌ಫೀಲ್ಡ್ ಹತ್ತಿರ ಚಿಪ್ ಡಿಸೈನ್ ಮಾಡುವ ಕಡೆ ಅವರ ಸ್ನೇಹಿತರೊಬ್ಬರಿದ್ದಾರೆ, ಈ ಬೋರ್ಡು ನೋಡಿದ ಮೇಲೆ ಅಲ್ಲಿನ ಕೆಲಸಕ್ಕೆ ಇವಳ ಹೆಸರನ್ನು ಅವರಿಗೆ ಕೊಡುತ್ತೇನೆ ಅಂತ. ಹುಡುಗಿ ಇದನ್ನು ನನ್ನಿಂದ ಮುಚ್ಚಿಡಲಿಲ್ಲ. ಬಂದು ಎದುರಿಗೆ ನಿಂತು ಹೇಳಿದಳು. ನಾನು ‘ಒಳ್ಳೇದಾಗ್ಲಿ ಕಣೇ’ ಅಂದೆ. ಒಳಗೆ ನನಗೆ ಒಳ್ಳೆಯದೇನೂ ಅನ್ನಿಸಲಿಲ್ಲ. ಅಂಥ ಡಿಸೈನರ್ ಪೀಣ್ಯದಲ್ಲಿ ಮತ್ತೆ ಎಲ್ಲಿ ಸಿಗಬೇಕು?

ಕೆಲಸ ಏನು ಅಂತ ಅವಳು ನನಗೆ ಟೀ ಕುಡಿಯುತ್ತ ಬಿಡಿಸಿ ಹೇಳಿದ್ದಳು. ಶಾಲೆಯಲ್ಲಿ ಕೂಡುವಾಗ ‘ಕೈಯಲ್ಲಿ ಒಂದು’ ಅಂತ ಪಕ್ಕದ ಮನೆಗೆ ದಾಟಿಸುತ್ತಿದ್ದೆವಲ್ಲ, ಅದೇ ಕ್ಯಾರಿ. ಮೊದಲನೆಯದು ರಿಪಲ್ ಕ್ಯಾರಿ. ಒಂದು ಬಿಟ್ಟು ತನ್ನ ಲೆಕ್ಕ ಮುಗಿಸಿ ಪಕ್ಕದವನಿಗೆ ಕ್ಯಾರಿ ಕೊಡಬೇಕು, ಅವನು ಅವನ ಪಕ್ಕದವನಿಗೆ, ಹೀಗೆ ನಾಲ್ಕೂ ಕಡೆ. ಪ್ರತಿ ಬಿಟ್ಟಿನಲ್ಲೂ ಕ್ಯಾರಿ, ಬಂದದ್ದೆಲ್ಲ ಒಂದಾದರೆ ಮಾತ್ರ ಒಂದು ಕೊಡುವ ಆಂಡ್ ಗೇಟು, ಯಾವುದಾದರೂ ಒಂದಾದರೆ ಸಾಕು ಅನ್ನುವ ಆರ್ ಗೇಟು, ಎರಡನ್ನೂ ದಾಟಬೇಕು. ನಾಲ್ಕು ಬಿಟ್ಟಿಗೆ ಎಂಟು ಗೇಟು, ಒಂದೊಂದು ಗೇಟಿಗೂ ಚೂರು ಹೊತ್ತು. ಎರಡನೆಯದು ಲುಕ್ಅಹೆಡ್. ಅಲ್ಲಿ ಯಾರೂ ಯಾರಿಗೂ ಕಾಯುವ ಹಾಗಿಲ್ಲ. ಯಾವ ಬಿಟ್ಟು ತಾನೇ ಕ್ಯಾರಿ ಹುಟ್ಟಿಸುತ್ತದೆ, ಯಾವುದು ಬಂದ ಕ್ಯಾರಿಯನ್ನು ಹಾಗೇ ಮುಂದೆ ಬಿಡುತ್ತದೆ ಅಂತ ಮೊದಲೇ ನೋಡಿಕೊಂಡು, ಕೊನೆಯ ಕ್ಯಾರಿಯನ್ನು ಒಂದೇ ಸಲಕ್ಕೆ ಲೆಕ್ಕ ಹಾಕಿಬಿಡುವುದು. ಅದಕ್ಕೆ ಅವಳು ಆಂಡ್, ಆರ್ ಎರಡರ ಕೆಲಸಕ್ಕೂ ಆಗುವ ಅಗಲವಾದ ನ್ಯಾಂಡ್ ಗೇಟುಗಳನ್ನು ಬಳಸಿದ್ದಳು. ಐದು ಸಿಗ್ನಲ್ಲನ್ನು ಒಟ್ಟಿಗೆ ತೆಗೆದುಕೊಳ್ಳುವಂಥವು. ಒಳಗೆ ಬಂದ ಕ್ಯಾರಿ ಹೊರಗೆ ಹೋಗಲು ದಾಟಬೇಕಾದ್ದು ಎರಡೇ ಗೇಟು.

ಬೆಸೆಯದೆ ವೈರ್ ಸಿಕ್ಕಿಸುವ ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿ, ಸಿಗ್ನಲ್ಲನ್ನು ಗೆರೆಯಾಗಿ ತೋರಿಸುವ ಸ್ಕೋಪಿನಲ್ಲಿ ಅಳೆದು, ನಕ್ಷೆ ಬರೆದಿಟ್ಟು, ಅವಳು ಅಕ್ಕನ ಕುಬಸಕ್ಕೆ, ನಾವು ಸೀಮಂತ ಅನ್ನುತ್ತೇವಲ್ಲ ಅದಕ್ಕೆ, ಊರಿಗೆ ಹೋದಳು. ವಾಪಸ್ ಬರುವುದು ಸೀದಾ ಕಾಲೇಜಿಗೆ ಅಂತ ಮಾತಾಗಿತ್ತು. ಡೆಮೋ ಪೀಸನ್ನು ನಾನೇ ಬೆಸೆದು ತರುತ್ತೇನೆ ಅಂದೆ. ಬೆಸೆಯುವುದರಲ್ಲಿ ನನ್ನ ಕೈ ಇವತ್ತಿಗೂ ಯಾರಿಗೂ ಕಮ್ಮಿಯಿಲ್ಲ.

ನಕ್ಷೆ ಹಿಡಿದು ಕೂತೆ. ಐದು ಸಿಗ್ನಲ್ಲಿಗೆ ಐದು ಕಾಲಿನ ಗೇಟು ಮಾರುಕಟ್ಟೆಯಲ್ಲಿ ಬರುವುದಿಲ್ಲ, ಹಾಗಾಗಿ ಅವಳು ಎಂಟು ಕಾಲಿನದ್ದನ್ನು ಹಾಕಿ, ಬೇಡದ ಮೂರು ಕಾಲುಗಳನ್ನು ಐದು ವೋಲ್ಟಿಗೆ ಕಟ್ಟಿದ್ದಳು. ನನಗೆ ಅದನ್ನು ಸಹಿಸಲಾಗಲಿಲ್ಲ. ಎಂಟು ಜನದ ಗಾಡಿಯಲ್ಲಿ ಮೂರು ಸೀಟು ಖಾಲಿ! ಅದೂ ಅಂಗಡಿಯವನು ಬಿಡಿಯಾಗಿ ಕೊಡುವುದಿಲ್ಲ, ಐಸಿ ತುಂಬಿದ ಇಡೀ ಟ್ಯೂಬ್ ತಗೊಳ್ಳಿ ಅನ್ನುತ್ತಾನೆ. ನಮ್ಮ ಕಪಾಟಿನಲ್ಲಿ ಎರಡು ಕಾಲಿನ ಆಂಡ್, ಆರ್ ಗೇಟುಗಳು ಡಬ್ಬಿಗಟ್ಟಲೆ ಬಿದ್ದಿವೆ. ಐದನ್ನು ಒಟ್ಟಿಗೆ ಆಂಡ್ ಮಾಡಿದರೂ ಅಷ್ಟೇ, ಎರಡು ಮಾಡಿ, ಬಂದದ್ದಕ್ಕೆ ಮೂರನೆಯದು ಸೇರಿಸಿ, ಆಮೇಲೆ ನಾಲ್ಕನೆಯದು, ಐದನೆಯದು ಸೇರಿಸಿದರೂ ಅಷ್ಟೇ. ಸಾಲಾಗಿ ಒಂದರ ಹಿಂದೆ ಒಂದು ಕೂರಿಸಿದೆ. ಆಂಡ್ ಸಾಲು, ಆಮೇಲೆ ಆರ್ ಸಾಲು. ಒಳಗೆ ಬರುವ ಕ್ಯಾರಿಯನ್ನು ಎರಡೂ ಸಾಲಿನ ತಲೆಗೇ ಕೊಟ್ಟೆ, ಅದೇ ತಾನೇ ಮೊದಲು ಬರುವುದು ಅಂತ.

ಸ್ವಿಚ್ಚುಗಳನ್ನು ಹಾಕಿ ತೆಗೆದು ಎಲ್ಲಾ ಥರ ಕೂಡಿಸಿ ನೋಡಿದೆ. ಎಲ್‌ಇಡಿಗಳು ಒಂದೂ ತಪ್ಪಲಿಲ್ಲ. ಎರಡು ಬೋರ್ಡಿನದೂ ಒಂದೇ ಉತ್ತರ. ಇಂಜಿನಿಯರ್ ಮಾಡಿದ್ದನ್ನು ಸಸ್ತಾದಲ್ಲಿ ಮಾಡಿದೆ ಅಂತ ಬೀಗಿದೆ. ಅವಳಿಗೆ ಒಂದು ಫೋನ್ ಮಾಡಬೇಕು ಅಂತ ಹೊಳೆಯಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಹೊಳೆಯಿತು. ಕೇಳಿದರೆ ಬೇಡ ಅಂತಾಳೆ ಅನ್ನಿಸಿ ಮಾಡಲಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರು ತಮ್ಮ ಕ್ಲಾಸನ್ನೇ ಕರೆದು ನಿಲ್ಲಿಸಿದ್ದರು. ಹುಡುಗಿ ರೈಲಿನಿಂದ ಇಳಿದು ಮುಖ ತೊಳೆದು ಬಂದಿದ್ದಳು, ಕೈತುಂಬ ಹಸಿರು ಬಳೆ. ‘ನಿಮ್ಮ ಸೀನಿಯರ್ ಕಣ್ರೋ ಇವಳು, ಇವಳೇ ಡಿಸೈನ್ ಮಾಡಿರೋದು, ಸರಿಯಾಗಿ ನೋಡ್ಕೊಳ್ಳಿ’ ಅಂದರು ಮೇಷ್ಟ್ರು. ಅವಳು ನಾಚಿ ನಕ್ಕಳು. ಬೋರ್ಡುಗಳ ಮೇಲೆ ನಾನು ಅಚ್ಚುಕಟ್ಟಾಗಿ ಕಪ್ಪು ಅಕ್ರಿಲಿಕ್ ಮುಚ್ಚಳ ಹಾಕಿಸಿದ್ದೆ. ಒಳಗೇನಿದೆ ಅಂತ ಅವಳಿಗೂ ಕಾಣುವಂತಿರಲಿಲ್ಲ.

ಒಂದು ಸಂಖ್ಯೆಯ ನಾಲ್ಕೂ ಬಿಟ್ಟಿಗೆ ಒಂದು, ಇನ್ನೊಂದರ ನಾಲ್ಕಕ್ಕೂ ಸೊನ್ನೆ ಇಟ್ಟಳು. ‘ಹಿಂಗಿಟ್ರ ಯಾವ ಬಿಟ್ಟೂ ತಾನ ಕ್ಯಾರಿ ಹುಟ್ಟಸೂದಿಲ್ಲ, ಬಂದದ್ದನ್ನ ಮುಂದ ಬಿಡತಾವ ಅಷ್ಟ. ಹೊರಗಿಂದ ಬಂದ ಕ್ಯಾರಿ ಕೊನೀತನಕ ನಡಕೊಂಡು ಹೋಗಬೇಕು. ರಿಪಲ್‌ಗೆ ಭಾಳ ತ್ರಾಸಿನ ಲೆಕ್ಕ ಇದ’ ಅಂತ ಹುಡುಗರಿಗೆ ಹೇಳಿದಳು. ಕ್ಯಾರಿಯ ಜಾಗಕ್ಕೆ ಒಂದು, ಸೊನ್ನೆ ಅಂತ ಏರಿಳಿಯುವ ಚೌಕ ಅಲೆ ಕೊಟ್ಟಳು. ಸ್ಕೋಪಿನಲ್ಲಿ ಮೇಲಿನ ಗೆರೆ ಒಳಗೆ ಹೋಗುವ ಕ್ಯಾರಿ, ಕೆಳಗಿನದು ಹೊರಬರುವ ಕ್ಯಾರಿ. ಮೇಲಿನದು ಎದ್ದ ಮೇಲೆ ಕೆಳಗಿನದು ಸ್ವಲ್ಪ ತಡೆದು ಎದ್ದಿತು. ‘ಎಂಟು ಗೇಟಿನ ಹೊತ್ತು’ ಅಂದಳು. ಮೇಷ್ಟ್ರು ತಲೆಯಾಡಿಸಿದರು.

‘ಈಗ ಲುಕ್ಅಹೆಡ್ ನೋಡ್ರಿ’ ಅಂತ ವೈರು ಬದಲಾಯಿಸಿದಳು. ಕೆಳಗಿನ ಗೆರೆ ಮೊದಲು ಎದ್ದ ಜಾಗದಲ್ಲೇ ಎದ್ದಿತು.

ಅವಳು ಸ್ಕೋಪಿನ ವೈರು, ಆ ಪ್ರೋಬು ತೆಗೆದು ಮತ್ತೆ ಸಿಕ್ಕಿಸಿದಳು. ಅಲ್ಲೇ. ಮೇಷ್ಟ್ರು ಎದ್ದು ಬಂದು, ಎರಡೂ ಬೋರ್ಡಿಗೆ ಒಂದೇ ಅಲೆ ಕೊಟ್ಟು, ಎರಡರ ಹೊರಬರುವ ಕ್ಯಾರಿಯನ್ನೂ ಎರಡು ಚಾನೆಲ್ಲಿಗೆ ಹಾಕಿ, ಒಂದರ ಮೇಲೊಂದು ತಂದರು. ಹೊಲಿದಿಟ್ಟ ಹಾಗೆ ಒಂದೇ ಗೆರೆ.

‘ಇದ್ರಲ್ಲಿ ಲುಕ್ಅಹೆಡ್ ಯಾವುದಮ್ಮಾ?’ ಅಂದರು.

ಹಿಂದಿನ ಸಾಲಿನಿಂದ ಯಾರೋ, ‘ಮಗಾ, ಅದು ಲುಕ್‌ಅಹೆಡ್ ಅಲ್ಲ, ಲುಕ್‌ಅಲೈಕ್’ ಅಂದ. ಎಲ್ಲರೂ ನಕ್ಕರು.

ಆಗ ನನಗೆ ಬಾಯಿ ಬಂತು. ಪ್ರೋಬು ಹಳೇದು ಸಾರ್, ಅಂದೆ. ಇವತ್ತು ಕರೆಂಟು ಏರುಪೇರು ಸಾರ್, ಅಂದೆ. ಲೋಡು ಸಾಲದು, ಫುಲ್ ಲೋಡ್ ಕೊಟ್ರೆ ಗೊತ್ತಾಗುತ್ತೆ ಅಂತ ನಾನೇ ಮುಂದೆ ನುಗ್ಗಿ ಎಂಟೂ ಸ್ವಿಚ್ಚನ್ನು ಮೇಲೆ ಮಾಡಿದೆ. ಗೆರೆ ಏಳುವುದು ಬೀಳುವುದು ಎರಡೂ ನಿಂತು ಮೇಲೇ ಮಲಗಿಬಿಟ್ಟಿತು.

‘ಮೇಡಂ,’ ಅಂದರು ಮೇಷ್ಟ್ರು, ‘ಎಲ್ಲಾ ಒಂದು ಮಾಡಿದ್ರೆ ಪ್ರತಿ ಬಿಟ್ಟೂ ತಾನೇ ಕ್ಯಾರಿ ಹುಟ್ಟಿಸುತ್ತೆ. ಹೊರಗಿನ ಕ್ಯಾರಿ ಬಂದ್ರೂ ಒಂದೇ, ಬರದಿದ್ರೂ ಒಂದೇ. ಅಳೆಯೋಕೆ ಏನೂ ಉಳಿಯಲ್ಲ. ದಯವಿಟ್ಟು ಕೂತ್ಕೊಳ್ಳಿ.’

ಕೂತೆ. ಮಕ್ಕಳು ಕೂರುವ ಸ್ಟೂಲು. ನನ್ನ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ.

ಹುಡುಗಿ ಸ್ಕ್ರೂ ಡ್ರೈವರ್ ಇಸಿದುಕೊಂಡು ಮುಚ್ಚಳ ಬಿಚ್ಚಿದಳು. ಸಾಲಾಗಿ ಕೂತ ಐಸಿಗಳ ನಂಬರ್ ಓದಿದಳು. ಎರಡು ನಿಮಿಷವೂ ಬೇಕಾಗಲಿಲ್ಲ. ತಲೆಯೆತ್ತಿ ನನ್ನ ಕಡೆ ನೋಡಿದಳು. ಸಿಟ್ಟಿನ ನೋಟ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ‘ಅಕ್ಕಾರ, ಈಗ ಏನು ಹೇಳೂಣು?’ ಅಂತ ಕೇಳುವ ಹಾಗಿತ್ತು.

‘ಯಾರು ಮಾಡಿದ್ದಮ್ಮಾ ಈ ಡಿಸೈನು?’ ಅಂದರು ಮೇಷ್ಟ್ರು.

‘ನಂದ ಸರ್.’

‘ಬಂದು ಬ್ಲ್ಯಾಕ್‌ಬೋರ್ಡಿನ ಮೇಲೆ ಬರಿ. ಇಲ್ಲಿ ಏನಿದೆಯೋ ಅದನ್ನೇ ಬರಿ.’

ಅವಳು ಸೀಮೆಸುಣ್ಣ ಹಿಡಿದು ನಾನು ಕಟ್ಟಿದ್ದನ್ನು ಗೇಟು ಗೇಟಾಗಿ ಬರೆದಳು. ಮೇಷ್ಟ್ರು ಒಳಗೆ ಬಂದ ಕ್ಯಾರಿಯ ದಾರಿಯನ್ನು ಹುಡುಗರ ಕೈಲಿ ಜೋರಾಗಿ ಎಣಿಕೆ ಮಾಡಿಸಿದರು. ಆಂಡ್ ನಾಲ್ಕು. ಆರ್ ನಾಲ್ಕು. ‘ಎಂಟು!’ ಅಂತ ಇಡೀ ಕ್ಲಾಸು ಕೂಗಿತು. ರಿಪಲ್‌ನದೂ ಎಂಟೇ.

‘ಸೂತ್ರ ಲುಕ್ಅಹೆಡ್‌ದು, ನಡೆಯೋದು ರಿಪಲ್ ಥರ. ಐಸಿ ಜಾಸ್ತಿ, ಟೈಮು ಅಷ್ಟೇ. ನಾನು ನಿನಗೆ ಕಲಿಸಿದ್ದು ಇದಾ?’

ಅವಳು ಕೈಯಲ್ಲಿದ್ದ ಸೀಮೆಸುಣ್ಣವನ್ನು ಬೆರಳಿನಲ್ಲಿ ತಿರುಗಿಸುತ್ತ ನಿಂತಳು.

ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಏನು ಓಡಿತು ಅಂತ ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಇವರು ಇನ್ನು ಇವಳ ಹೆಸರನ್ನು ಯಾರಿಗೂ ಹೇಳುವುದಿಲ್ಲ, ಹುಡುಗಿ ಪೀಣ್ಯದಲ್ಲೇ ಉಳಿಯುತ್ತಾಳೆ. ವ್ಯಾಪಾರದವರ ತಲೆ. ಎಲ್ಲಿ ಬಿದ್ದರೂ ಮೊದಲು ಲಾಭ ಎಲ್ಲಿದೆ ಅಂತ ತಡವುತ್ತದೆ. ತಡವಿ ಸಿಕ್ಕಿದ್ದನ್ನು ನೋಡಿ ನನಗೇ ಹೇಸಿಗೆಯಾಯಿತು. ಎದ್ದು ನಿಂತೆ.

‘ಸಾರ್, ಅದನ್ನ ನಾವು ಆಮೇಲೆ ಸ್ವಲ್ಪ ಚೇಂಜ್ ಮಾಡಿದ್ವಿ.’

‘ನಾವು ಅಂದ್ರೆ ಯಾರು ಮೇಡಂ?’

ಎಲ್ಲ ಮಕ್ಕಳೂ ನನ್ನ ಕಡೆ ತಿರುಗಿದ್ದರು.

‘ನಾನು. ಅವಳು ಊರಲ್ಲಿದ್ಲು. ಅವಳ ನಕ್ಷೆಯಲ್ಲಿ ದೊಡ್ಡ ಗೇಟು ಇದ್ವು. ನಾನು ತೆಗೆದು ಚಿಕ್ಕವು ಹಾಕಿದೆ. ಅವಳಿಗೆ ಗೊತ್ತಿಲ್ಲ.’

‘ಯಾಕೆ ಹಾಕಿದ್ರಿ?’

‘ಉತ್ತರ ಒಂದೇ ಬರುತ್ತಲ್ಲ ಸಾರ್, ಅಂತ.’

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮುಂದಿನ ಸಾಲಿನ ಒಬ್ಬ ಹುಡುಗಿ ನನ್ನ ಮುಖ ನೋಡಲಾಗದೆ ತನ್ನ ಚಪ್ಪಲಿ ನೋಡಿಕೊಂಡಳು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ, ಇನ್ನೂ ಸೀಮೆಸುಣ್ಣ ಹಿಡಿದು ನಿಂತಿದ್ದವಳಿಗೆ, ದನಿ ತಗ್ಗಿಸಿ, ‘ಸರಿ, ಎರಡು ಕಾಲಿನ ಗೇಟೇ ಇರೋದು ಅಂದ್ಕೋ. ಏನ್ಮಾಡ್ತೀಯ?’ ಅಂದರು.

‘ಸಾಲಾಗಿ ಇಡೂದಿಲ್ಲ ಸರ್. ಜೋಡಿ ಜೋಡಿ ಮಾಡಿ ಮರದ ಟೊಂಗಿ ಹಂಗ ಕೂಡಸ್ತೀನಿ. ಆಂಡ್ ಮೂರು ಮೆಟ್ಟಲ, ಆರ್ ಮೂರು ಮೆಟ್ಟಲ. ಎಂಟಿದ್ದದ್ದು ಆರಾಗತೈತಿ.’

‘ಹೊರಗಿಂದ ಬರೋ ಕ್ಯಾರಿನ ಸಾಲಿನ ಕೊನೇಲಿ ಸೇರಿಸಿಬಿಟ್ರೆ? ಎರಡೇ ಗೇಟಲ್ಲಿ ಹೊರಗೆ ಬರುತ್ತಲ್ಲ?’

‘ಬರತೈತಿ ಸರ್. ಈ ಒಂದು ಪರೀಕ್ಷಾಕ್ಕ ಚೊಲೊ ಕಾಣತೈತಿ. ಆದ್ರ ಸಾಲಿನ ತಲೀಗೆ ಬ್ಯಾರೆ ಯಾವುದಾರ ಬಿಟ್ಟು ಬರಬೇಕಲ್ರಿ, ಅದು ಬದಲಾದಾಗ ಮತ್ತ ಅಷ್ಟ ತಡ. ಅದು ಮೋಸ ಆಗತೈತಿ.’

ಮೋಸ ಅನ್ನುವ ಪದವನ್ನು ಅವಳು ನನ್ನನ್ನು ನೋಡಿ ಹೇಳಲಿಲ್ಲ. ನಾನೇ ಹಾಗೆ ಕೇಳಿಸಿಕೊಂಡೆ.

ಮೇಷ್ಟ್ರು, ಅವಳ ಮೂಲ ನಕ್ಷೆಯ ಹಾಗೇ ಮಾಡಿಕೊಂಡು ಮುಂದಿನ ವಾರ ಮತ್ತೆ ಬನ್ನಿ, ಅಂದರು. ಬಾಗಿಲ ಹತ್ತಿರ ನನ್ನನ್ನು ನಿಲ್ಲಿಸಿ, ‘ನೀವು ಕಟ್ಟಿದ ಬೋರ್ಡನ್ನ ಬಿಸಾಕಬೇಡಿ ಮೇಡಂ. ಕಿಟ್‌ನಲ್ಲಿ ಮೂರನೇದಾಗಿ ಅದೂ ಇರಲಿ. ಉತ್ತರ ಸರಿ, ಹೊತ್ತು ತಪ್ಪು ಅಂತ ತೋರಿಸೋಕೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ’ ಅಂದರು. ಹೀಯಾಳಿಸಿ ಹೇಳಿದ್ದಲ್ಲ, ನಿಜವಾಗಿಯೂ ಮೆಚ್ಚಿಯೇ ಹೇಳಿದ್ದು. ಬೇರೆ ದಿನವಾಗಿದ್ದರೆ ನಿಂತಲ್ಲೇ ಮೂರನೇ ಬೋರ್ಡಿಗೆ ರೇಟು ಹೇಳುತ್ತಿದ್ದೆ. ಅವತ್ತು ತಲೆಯಾಡಿಸಿ ಬಂದೆ.

ವಾಪಸ್ ಬರುವ ದಾರಿಯಲ್ಲಿ, ಟಿನ್ ಫ್ಯಾಕ್ಟರಿ ಹತ್ತಿರ ನಮ್ಮ ಗಾಡಿ ಟ್ರಾಫಿಕ್ಕಿನಲ್ಲಿ ನಿಂತಾಗ ನಾನೇ ಶುರು ಮಾಡಿದೆ. ‘ನೋಡು, ಇಂಥದ್ದೆಲ್ಲ ಆಗುತ್ತೆ. ಮನಸ್ಸಿಗೆ ಹಚ್ಕೋಬಾರ್ದು. ನಾಳೆ ನಿನ್ನ ಕೈಕೆಳಗೆ ನಾಲ್ಕು ಜನ ಇದ್ದಾಗ...’

‘ಅಕ್ಕಾರ,’ ಅಂದಳು, ಕಿಟಕಿಯ ಕಡೆ ನೋಡುತ್ತ, ‘ಗೇಟ್ ಬದಲ ಮಾಡಿದ್ದು ಹೋಗ್ಲಿ. ಎಸ್.ಪಿ. ರೋಡಿನಾಗ ಟ್ಯೂಬ್ ತಗೋಳಾಕ ಆಗ್ಲಿಲ್ಲ ಅಂತ ಒಂದ್ ಫೋನ್ ಹಚ್ಚಿದ್ರ, ಮರದ ಹಂಗ ಹಾಕ್ರಿ ಅಂತ ನಾನ ಹೇಳತಿದ್ದೆ. ನಾ ಊರಿಗೆ ಹೊಂಟಾಗ ನೀವು ರೈಲಿನಾಗ ಎಲ್ಲಿ ಕೂಡಬೇಕು ಅನ್ನೂದರಿಂದ ಹಿಡದು ಎಲ್ಲಾ ಹೇಳಿ ಕಳಿಸಿದ್ರಿ. ಕೇಳೂದು ಒಂದ ಕೇಳಲಿಲ್ಲ.’

ಸಿಗ್ನಲ್ ಬಿಟ್ಟಿತು. ಹಿಂದಿನವನು ಹಾರ್ನ್ ಹೊಡೆದ. ಪೀಣ್ಯ ಬರುವ ತನಕ ನಾನು ಬಾಯಿ ಬಿಡಲಿಲ್ಲ. ನನ್ನ ಜೀವನದಲ್ಲಿ ಅಷ್ಟು ದೂರ ಸುಮ್ಮನೆ ಬಂದದ್ದು ಅದೇ ಇರಬೇಕು.

ಮಾರನೇ ದಿನ ಅಂಗಡಿಯವನು ಹೇಳಿದ ರೇಟಿಗೇ ಟ್ಯೂಬ್ ತಂದೆ. ಅವನಿಗೇ ಆಶ್ಚರ್ಯವಾಗಿ, ‘ಅಕ್ಕಾ, ಹುಷಾರಿಲ್ವಾ?’ ಅಂತ ಕೇಳಿದ. ಹುಡುಗಿ ನಕ್ಷೆ ಪಕ್ಕದಲ್ಲಿಟ್ಟುಕೊಂಡು ತಾನೇ ಬೆಸೆಯಲು ಕೂತಳು. ಅವಳ ಬೆಸುಗೆ ಅಷ್ಟೇನೂ ಚೆನ್ನಾಗಿರಲಿಲ್ಲ, ಒಂದೆರಡು ಕಡೆ ಸೀಸ ಉಂಡೆಗಟ್ಟಿತ್ತು. ಹೇಳಲು ಬಾಯಿ ತನಕ ಬಂತು. ‘ಒಂದು ಮಾತು ಹೇಳ್ಲಾ?’ ಅಂತ ಕೇಳಿದೆ. ‘ಹೇಳ್ರಿ’ ಅಂದಳು. ತುದಿ ಬಿಸಿ ಸಾಲದು ಅಂದೆ. ಬಿಸಿ ಏರಿಸಿದಳು. ಅಷ್ಟೇ ಮಾತು.

ಹೊರಡುವ ಹಿಂದಿನ ದಿನ ಬಂದು ನಿಂತು, ‘ಅಕ್ಕಾರ, ಈ ಸಲ ಲ್ಯಾಬಿಗೆ ನಾನೊಬ್ಬಾಕೀನ ಹೋಗ್ತೀನ್ರಿ’ ಅಂದಳು. ಜೋರಾಗಿ ಅಲ್ಲ. ನನಗೆ ಮರ್ಯಾದೆ ಕೊಟ್ಟೇ ಕೇಳಿದ್ದು. ಅದಕ್ಕೇ ಇನ್ನೂ ಜಾಸ್ತಿ ಚುಚ್ಚಿತು. ಗಾಡಿ ನಾನೇ ಓಡಿಸಿದೆ. ಕಾಲೇಜಿನ ಹತ್ತಿರ ಕಿಟ್ಟಿನ ಡಬ್ಬ ಹಿಡಿಯಲು ಕೈ ಚಾಚಿದೆ. ‘ಇರಲಿ ಬಿಡ್ರಿ, ಹಗುರೈತಿ’ ಅಂತ ತಾನೇ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಕ್ಯಾಂಟೀನಿನಲ್ಲಿ ಕೂತೆ. ಹೋದ ವಾರ ಲ್ಯಾಬಿನಲ್ಲಿದ್ದ ಹುಡುಗರೇ ಇಬ್ಬರು ಪಕ್ಕದ ಟೇಬಲ್ಲಿಗೆ ಬಂದರು. ನನ್ನನ್ನು ಗುರುತು ಹಿಡಿದು, ಒಬ್ಬ ಇನ್ನೊಬ್ಬನ ಮೊಣಕೈ ತಿವಿದ. ಆಮೇಲೆ ಎದ್ದು ನಿಂತು ‘ನಮಸ್ತೆ ಮೇಡಂ’ ಅಂದ. ತಿರುಗಿ ನಮಸ್ಕಾರ ಮಾಡಲು ಲೋಟ ಹಿಡಿದೇ ಕೈ ಜೋಡಿಸಹೋಗಿ ಕಾಫಿಯನ್ನು ಸೆರಗಿಗೆ ಚೆಲ್ಲಿಕೊಂಡೆ.

ಹುಡುಗಿ ಇಳಿದು ಬಂದಾಗ ಮುಖ ಅರಳಿತ್ತು. ಕೆಳಗಿನ ಗೆರೆ ಎಷ್ಟೋ ಮುಂಚೆ ಎದ್ದಿತಂತೆ, ರಿಪಲ್‌ನ ಕಾಲುಭಾಗಕ್ಕಿಂತ ಕೊಂಚ ಜಾಸ್ತಿ ಹೊತ್ತು. ಅಗಲದ ಗೇಟು ಚಿಕ್ಕದಕ್ಕಿಂತ ಸ್ವಲ್ಪ ನಿಧಾನ, ಅದಕ್ಕೇ ಸರಿಯಾಗಿ ಕಾಲುಭಾಗಕ್ಕೆ ಇಳಿಯಲಿಲ್ಲ ಅಂತ ಹುಡುಗರಿಗೆ ಹೇಳಿದಳಂತೆ. ಮೇಷ್ಟ್ರು ಅಲ್ಲೇ ನಿಂತು ಬ್ರೂಕ್‌ಫೀಲ್ಡಿನ ಸ್ನೇಹಿತರಿಗೆ ಫೋನ್ ಮಾಡಿ ಅವಳ ಕೈಗೇ ಕೊಟ್ಟರಂತೆ. ಸೋಮವಾರ ಬಂದು ಕಾಣಲು ಹೇಳಿದ್ದಾರೆ.

‘ಒಳ್ಳೇದಾಯ್ತು ಕಣೇ’ ಅಂದೆ. ಈ ಸಲ ಮನಸ್ಸಿನಿಂದಲೇ ಬಂತು. ಆದರೆ ಅದನ್ನು ಮೊದಲ ಸಲವೂ ಇದೇ ದನಿಯಲ್ಲಿ ಅಂದಿದ್ದೆ. ಅವಳಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು?

‘ಸರ್ ನಿಮ್ಮನ್ನ ಕೇಳಿದ್ರು.’

‘ಏನಂದೆ?’

‘ಕೆಳಗ ಅದಾರ, ಸೀರಿ ಹಾಳಾಗೇತಿ, ಮ್ಯಾಲ ಬರಾಂಗಿಲ್ಲ ಅಂತ ಅಂದೆ’ ಅಂದಳು, ನನ್ನ ಸೆರಗಿನ ಕಲೆ ತೋರಿಸಿ. ‘ಲ್ಯಾಬಿನ ಕಿಟಕ್ಯಾಗಿಂದ ಕಂಡಿತ್ತು.’

ಬರಬೇಡಿ ಅಂದದ್ದು ತಾನೇ ಅಂತ ಮೇಷ್ಟ್ರಿಗೆ ಹೇಳಿರಲಿಲ್ಲ. ಅವಳು ಡಬ್ಬವನ್ನು ಹಿಂದಿನ ಸೀಟಿನಲ್ಲಿಟ್ಟಳು. ನಾನು ಗಾಡಿಯ ಬೀಗದ ಕೈ ಹುಡುಕುತ್ತ, ಕಣ್ಣೆತ್ತಿ ಅವಳನ್ನು ನೋಡಲಾರದೆ, ಪರ್ಸಿನೊಳಗೆ ಸುಮ್ಮನೆ ತುಂಬಾ ಹೊತ್ತು ತಡಕಾಡಿದೆ.